ಬಾಯಿಲೆಕ್ಕದ ಸುತ್ತುಗಳು

ಬಾಯಿಲೆಕ್ಕದ ಕ್ವಿಜ್‌ನಲ್ಲಿ ಸುತ್ತಿನಿಂದ ಸುತ್ತಿಗೆ ಲೆಕ್ಕ ಕಷ್ಟವಾಗಬೇಕು, ಸರಿ. ಆದರೆ ಕಷ್ಟವೆಂದರೆ ದೊಡ್ಡ ಸಂಖ್ಯೆ ಎಂದುಕೊಂಡರೆ ಕ್ವಿಜ್ ಕೆಟ್ಟಿತು. ಮೂರನೇ ತರಗತಿಯ ಮಗುವಿಗೆ 300 + 400 ಸಲೀಸು, 47 + 38 ತಿಣುಕಾಟ. ಏಕೆಂದರೆ ಇಲ್ಲಿ ಬಿಡಿಗಳ ಮೊತ್ತ ಹತ್ತು ದಾಟುತ್ತದೆ; ಆ ಒಂದು ದಶಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ಹತ್ತರ ಸ್ಥಾನವನ್ನು ಕೂಡಬೇಕು.

ಹಾಗಾಗಿ ಮೊದಲ ಸುತ್ತಿಗೆ 40 + 30, ಎರಡನೆಯದಕ್ಕೆ 43 + 25, ಮೂರನೆಯದಕ್ಕೆ 47 + 38, ಕೊನೆಗೆ 63 − 28. ಗಂಟೆ ಒತ್ತಿಸುವ ಬದಲು ಎಲ್ಲರೂ ಸ್ಲೇಟಿನಲ್ಲಿ ಉತ್ತರ ಬರೆದು ಒಟ್ಟಿಗೆ ಎತ್ತಲಿ. ಗಂಟೆಯಿದ್ದರೆ ಮುಂದಿನ ಬೆಂಚಿನ ಇಬ್ಬರೇ ಆಡುತ್ತಾರೆ, ಉಳಿದವರು ಪ್ರೇಕ್ಷಕರು!

ಸ್ಲೇಟಿನ ತಪ್ಪುಗಳೂ ಮಾತಾಡುತ್ತವೆ. 47 + 38ಕ್ಕೆ 75 ಬರೆದ ಮಗು ದಶಕವನ್ನು ಮರೆತಿದೆ, ಅಷ್ಟೆ. 715 ಬರೆದ ಮಗು 7ರ ಪಕ್ಕ 15 ಅಂಟಿಸಿದೆ. ಅದಕ್ಕೆ ಸ್ಥಾನಬೆಲೆಯನ್ನೇ ಮತ್ತೆ ಹೇಳಿಕೊಡಬೇಕು. 63 − 28ಕ್ಕೆ 45 ಬಂದರೆ, ಮೂರರಿಂದ ಎಂಟು ಹೋಗದೆಂದು ಎಂಟರಿಂದ ಮೂರನ್ನು ಕಳೆದಿದೆ. 38ನ್ನು 40 ಮಾಡಿಕೊಂಡು 87, ಅದರಿಂದ ಎರಡು ತೆಗೆದು 85 ಎನ್ನುವ ಮಗುವಿನಿಂದ ಆ ದಾರಿಯನ್ನು ತರಗತಿಗೆಲ್ಲ ಹೇಳಿಸಿ.

ಮೊದಲ ಸುತ್ತಿಗೆ 5 ಸೆಕೆಂಡು ಸಾಕು, ಮೂರನೆಯದಕ್ಕೆ 12 ಆದರೂ ಬೇಕು. ಸ್ಲೇಟುಗಳು ಖಾಲಿ ಬಂದರೆ ಮೊದಲು ಸಮಯ ಹೆಚ್ಚಿಸಿ ನೋಡಿ. ತುಂಬಿಯೂ ತಪ್ಪಾಗಿದ್ದರೆ ಹಿಂದಿನ ಸುತ್ತಿಗೆ ಮರಳಿ.