ಟೋಕನ್ ರಿಫ್ರೆಶ್‌ಗೆ ಯಾವ ಡಯಾಗ್ರಮ್?

ಆ್ಯಪ್ ಬಳಸ್ತಿದ್ದಾಗಲೇ ಇದ್ದಕ್ಕಿದ್ದಂತೆ ಲಾಗೌಟ್! ಯಾಕೆ?

ಆ್ಯಕ್ಟಿವಿಟಿ ಡಯಾಗ್ರಮ್ ಬರೆದು ನೋಡಿ. ಟೋಕನ್ ಅವಧಿ ಮುಗಿದಿದೆಯಾ? ಹೌದಾದರೆ ರಿಫ್ರೆಶ್, ಅದೂ ಆಗದಿದ್ದರೆ ಲಾಗಿನ್ ಪುಟ. ಎಲ್ಲ ಸರಿಯಾಗೇ ಕಾಣುತ್ತೆ.

ಅದನ್ನೇ ಸೀಕ್ವೆನ್ಸ್ ಡಯಾಗ್ರಮ್‌ನಲ್ಲಿ ಬರೆಯಿರಿ. ಆ್ಯಪ್, ಎಪಿಐ, ಆಥ್ ಸರ್ವರ್ ಅಂತ ಮೂರು ಗೆರೆ. ಆ್ಯಪ್ ಒಟ್ಟಿಗೇ ಎರಡು ರಿಕ್ವೆಸ್ಟ್ ಕಳಿಸುತ್ತೆ, ಎರಡಕ್ಕೂ `401` ಬರುತ್ತೆ. ಎರಡೂ ಒಂದೇ ರಿಫ್ರೆಶ್ ಟೋಕನ್ ಹಿಡಿದು ಆಥ್ ಸರ್ವರ್‌ಗೆ ಓಡುತ್ತವೆ. ಮೊದಲನೆಯದಕ್ಕೆ ಹೊಸದು ಸಿಕ್ಕಿ ಹಳೆಯದು ರದ್ದಾಗುತ್ತೆ. ಎರಡನೆಯದು ತಂದಿರೋದು ಆ ಹಳೆಯದನ್ನೇ! ಟೋಕನ್ ರೊಟೇಶನ್ ಇರುವ ಸರ್ವರ್ ಇದನ್ನು ಕಳ್ಳತನ ಅಂದುಕೊಂಡು ಸೆಷನ್ನನ್ನೇ ಮುಗಿಸಬಹುದು.

ಹಾಗಾಗಿ ರಿಫ್ರೆಶ್‌ಗೆ ಸೀಕ್ವೆನ್ಸ್ ಡಯಾಗ್ರಮ್ಮೇ ಸರಿ. ವಿಫಲವಾದ ದಾರಿಯನ್ನು `alt` ಚೌಕದಲ್ಲಿ ಹಾಕಿ. ಓಟಿಪಿ, ಮರೆತ ಪಾಸ್‌ವರ್ಡ್‌ನಂಥ ಕವಲುಗಳನ್ನು ತೋರಿಸೋದಿದ್ದರೆ ಮಾತ್ರ ಆ್ಯಕ್ಟಿವಿಟಿ ಬರೆಯಿರಿ.