ದತ್ತಿ ಹಣ ಎಲ್ಲಿದೆ ಎಂದು ಹುಡುಕುವ ಬಗೆ

ಊರಿನ ಕಾಲೇಜಿನಲ್ಲಿ ಹೆತ್ತವರ ಹೆಸರಿಗೆ ದತ್ತಿ ಇಡುವುದು ನಮ್ಮಲ್ಲಿ ಹಳೆಯ ರೂಢಿ. ಅಸಲನ್ನು ಮುಟ್ಟಬಾರದು, ಬಡ್ಡಿಯಲ್ಲಿ ಮಾತ್ರ ಬಹುಮಾನವನ್ನೋ ವಿದ್ಯಾರ್ಥಿವೇತನವನ್ನೋ ಕೊಡಬೇಕು ಎಂಬುದು ಕರಾರು. ಕೊಟ್ಟವರು ಒಂದು ದಿನ ಇರುವುದಿಲ್ಲ. ಆಮೇಲೆ ಆ ಕರಾರಿನ ಪರವಾಗಿ ಕೇಳುವ ಹೊರಗಿನವರೆಂದರೆ ಹೆಚ್ಚಿನ ಕಡೆ ವರ್ಷಕ್ಕೊಮ್ಮೆ ಬರುವ ಆಡಿಟರ್ ಮಾತ್ರ.

ಅವರು ಏನನ್ನು ನೋಡುತ್ತಾರೆ ಎಂದು ತಿಳಿಯಲು ಒಂದು ಕಲ್ಪಿತ ಶಿಕ್ಷಣ ಟ್ರಸ್ಟನ್ನು ತೆಗೆದುಕೊಳ್ಳೋಣ. ಒಬ್ಬ ದಾನಿ 20 ಲಕ್ಷ ರೂಪಾಯಿ ದತ್ತಿ ಇಟ್ಟಿದ್ದಾರೆ. ಬಡ್ಡಿ ಪಿಯುಸಿ ಓದುವ ಬಡ ಹೆಣ್ಣುಮಕ್ಕಳಿಗೆ ಹೋಗಬೇಕು. ಇನ್ನೊಂದು ಸಂಸ್ಥೆ ವಿಜ್ಞಾನ ಪ್ರಯೋಗಾಲಯಕ್ಕೆಂದು 12 ಲಕ್ಷ ಕೊಟ್ಟಿದೆ.

ಆಡಿಟರ್ ಮೊದಲು ಕೇಳುವುದು ಲೆಕ್ಕದ ಪುಸ್ತಕವನ್ನಲ್ಲ, ದಾನಿಯ ಪತ್ರವನ್ನು. ಹಣ ಮೂಲಧನವೆಂದು ಹೇಳಬೇಕಾದವರು ದಾನಿಯೇ. ಸಾಮಾನ್ಯ ದೇಣಿಗೆಯಾಗಿ ಬಂದದ್ದನ್ನು ಟ್ರಸ್ಟಿಗಳು ತಮ್ಮ ಠರಾವಿನಿಂದ ಮೂಲಧನ ಮಾಡಿಕೊಳ್ಳಲಾಗದು. ಹಾಗೆ ಮಾಡುವ ಆಸೆ ಹುಟ್ಟುವುದಕ್ಕೆ ಕಾರಣವಿದೆ. ತೆರಿಗೆ ವಿನಾಯಿತಿ ಬೇಕಾದರೆ ಟ್ರಸ್ಟು ವರ್ಷದ ಆದಾಯದಲ್ಲಿ ಶೇ. 85ರಷ್ಟನ್ನು ಉದ್ದೇಶಕ್ಕೆ ಬಳಸಬೇಕು. ಷರತ್ತಿಗೆ ಒಳಪಟ್ಟ ಮೂಲಧನಕ್ಕೆ ಈ ಒತ್ತಡವಿಲ್ಲ. ಆದ್ದರಿಂದ ಖರ್ಚಾಗದೆ ಉಳಿದ ದೇಣಿಗೆಗೆ ಮಾರ್ಚ್ ಕೊನೆಯಲ್ಲಿ ಹಿಂದಿನ ತಾರೀಕಿನ ಪತ್ರ ಹುಟ್ಟಿಕೊಳ್ಳುವುದುಂಟು. ಹತ್ತು ದಾನಿಗಳ ಪತ್ರಗಳು ಒಂದೇ ಒಕ್ಕಣೆಯಲ್ಲಿ, ಒಂದೇ ಅಕ್ಷರವಿನ್ಯಾಸದಲ್ಲಿ ಇದ್ದರೆ ಅನುಮಾನ ಬರಲೇಬೇಕು. ಆಗ ಆಡಿಟರ್ ಟ್ರಸ್ಟಿನ ಕೈ ದಾಟಿಸಿ ನೇರವಾಗಿ ದಾನಿಗೇ ಬರೆದು ಕೇಳುತ್ತಾರೆ. 2021ರ ತಿದ್ದುಪಡಿಯ ನಂತರ, ಕಾನೂನು ಒಪ್ಪುವ ಹೂಡಿಕೆಯಲ್ಲಿ ಮೂಲಧನವನ್ನು ಬೇರೆಯಾಗಿಯೇ ಇಡುವುದು ಕೂಡ ವಿನಾಯಿತಿಯ ಷರತ್ತು.

ಮುಂದೆ ಬಡ್ಡಿ. 20 ಲಕ್ಷದ ಠೇವಣಿಗೆ ಶೇ. 7ರಂತೆ 1,40,000 ಬಂತು ಎನ್ನೋಣ. 8 ವಿದ್ಯಾರ್ಥಿನಿಯರಿಗೆ ತಲಾ 10,000 ಕೊಟ್ಟಿದ್ದಾರೆ. ಉಳಿದ 60,000 ಮುಂದಿನ ವರ್ಷದ ಹೆಣ್ಣುಮಕ್ಕಳಿಗೆ ಸೇರಿದ್ದು. ಆದರೆ ಎಲ್ಲ ಠೇವಣಿಗಳ ಬಡ್ಡಿಯನ್ನೂ ಒಟ್ಟುಗೂಡಿಸಿ ಆದಾಯವೆಂದು ಬರೆದುಬಿಟ್ಟರೆ ಈ 60,000 ಸದ್ದಿಲ್ಲದೆ ಕರೆಂಟ್ ಬಿಲ್ಲಿಗೋ ಬಣ್ಣ ಬಳಿಯುವುದಕ್ಕೋ ಹೋಗುತ್ತದೆ. ನನ್ನ ಮಟ್ಟಿಗೆ ದತ್ತಿಗಳು ಸೊರಗುವ ಮುಖ್ಯ ದಾರಿ ಇದೇ. ಅಸಲು ಹಾಗೇ ಇರುವುದರಿಂದ ಯಾರಿಗೂ ಏನೂ ತಪ್ಪಿದಂತೆ ಕಾಣುವುದಿಲ್ಲ.

ಪ್ರಯೋಗಾಲಯದ 12 ಲಕ್ಷದಲ್ಲಿ 4 ಲಕ್ಷ ಖರ್ಚಾಗಿದೆ. ಇಲ್ಲಿ ಮೂಲ ಬಿಲ್ಲುಗಳನ್ನೇ ನೋಡಬೇಕು. ಒಂದೇ ಸೂಕ್ಷ್ಮದರ್ಶಕದ ಬಿಲ್ಲನ್ನು ಇಬ್ಬರು ದಾನಿಗಳಿಗೆ ತೋರಿಸಿದ ಉದಾಹರಣೆಗಳು ಸಿಗುತ್ತವೆ. ಯಾವ ದೇಣಿಗೆಯಿಂದ ಪಾವತಿಯಾಯಿತು ಎಂದು ಮೂಲ ಬಿಲ್ಲಿನ ಮೇಲೇ ಮುದ್ರೆ ಒತ್ತಿಸಿದರೆ ಆ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಅಂಗಡಿಗೆ ಕೊಟ್ಟ ಮುಂಗಡವನ್ನೇ ಖರ್ಚೆಂದು ದಾನಿಗೆ ವರದಿ ಮಾಡಿದ್ದಾರೆಯೇ, ಸಾಮಾನು ನಿಜಕ್ಕೂ ಕೊಠಡಿಗೆ ಬಂದಿದೆಯೇ ಎಂಬುದನ್ನೂ ನೋಡಬೇಕು.

ಇಷ್ಟಾದ ಮೇಲೆ ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ. ದತ್ತಿ 20 ಲಕ್ಷ, ಪ್ರಯೋಗಾಲಯದ ಬಾಕಿ 8 ಲಕ್ಷ, ಬಡ್ಡಿಯ ಉಳಿಕೆ 60,000. ಒಟ್ಟು 28.6 ಲಕ್ಷ ಟ್ರಸ್ಟಿನ ಕೈಯಲ್ಲಿ ಇರಲೇಬೇಕು. ಠೇವಣಿ ಪತ್ರಗಳನ್ನೂ ಬ್ಯಾಂಕ್ ಖಾತೆಗಳನ್ನೂ ಕೂಡಿಸಿದರೆ ಸಿಗುವುದು 23.1 ಲಕ್ಷ. 5.5 ಲಕ್ಷ ಕಾಣುತ್ತಿಲ್ಲ. ಆದರೂ ಬ್ಯಾಲೆನ್ಸ್ ಶೀಟ್ ತಾಳೆಯಾಗಿದೆ! ಏಕೆಂದರೆ ಅಷ್ಟು ಹಣ ಶಿಕ್ಷಕರ ಸಂಬಳಕ್ಕೆ ಹೋಗಿದೆ, ಟ್ರಸ್ಟಿನ ಸಾಮಾನ್ಯ ನಿಧಿ ಅಷ್ಟೇ ಕೊರತೆಗೆ ಇಳಿದಿದೆ. ಯಾರೂ ಜೇಬಿಗೆ ಹಾಕಿಕೊಂಡಿಲ್ಲ. ಹಾಗಿದ್ದರೂ ಪ್ರಯೋಗಾಲಯಕ್ಕೆ ಬಂದ ಹಣದಲ್ಲಿ ಸಂಬಳ ಕೊಟ್ಟಿರುವುದು ಕರಾರು ಮುರಿದಂತೆಯೇ.

ಕೆಲವರು ಮಾರ್ಚ್ 31ಕ್ಕೆ ಕೈಗಡ ತಂದು ಖಾತೆ ತುಂಬಿಸಿ ಏಪ್ರಿಲ್‌ನಲ್ಲಿ ಹಿಂತಿರುಗಿಸುತ್ತಾರೆ. ಅದಕ್ಕೇ ಅನುಭವಿ ಆಡಿಟರ್ ಸೆಪ್ಟೆಂಬರ್, ಡಿಸೆಂಬರ್‌ಗಳ ನಡುವಿನ ಯಾವುದೋ ದಿನವನ್ನು ಆರಿಸಿ ಇದೇ ಲೆಕ್ಕವನ್ನು ಮತ್ತೆ ಹಾಕುತ್ತಾರೆ. ಏಪ್ರಿಲ್ ಮೊದಲ ವಾರದ ಬ್ಯಾಂಕ್ ಪಾವತಿಗಳನ್ನೂ ಬಿಡುವುದಿಲ್ಲ. ಠೇವಣಿಯ ಮೇಲೆ ಸಾಲ ಪಡೆದಿದ್ದಾರೆಯೇ ಎಂದು ಬ್ಯಾಂಕಿನಿಂದಲೇ ಲಿಖಿತ ಉತ್ತರ ತರಿಸಿಕೊಳ್ಳುತ್ತಾರೆ. ಅಡವಿಟ್ಟ ಠೇವಣಿ ಕಾಗದದಲ್ಲಿ ಪೂರ್ತಿ ಕಂಡರೂ ಅದು ಪೂರ್ತಿ ಟ್ರಸ್ಟಿನದಲ್ಲ.

ಆಡಿಟರ್‌ಗೂ ಮಿತಿಯಿದೆ. ಹಣ ಪಡೆದ ಹುಡುಗಿಯ ಅರ್ಜಿ, ಆದಾಯ ಪ್ರಮಾಣಪತ್ರ, ಅವಳ ಖಾತೆಗೆ ಜಮೆಯಾದ ದಾಖಲೆ, ಇಷ್ಟನ್ನು ಅವರು ನೋಡಬಲ್ಲರು. ಅವಳಿಗಿಂತ ಬಡವಳೊಬ್ಬಳು ಅರ್ಜಿಯನ್ನೇ ಹಾಕಲಾಗದೆ ಉಳಿದಳೇ ಎಂಬುದು ಯಾವ ವೋಚರಿನಲ್ಲೂ ಇರುವುದಿಲ್ಲ.

ಇನ್ನು ಕರಾರೇ ನಡೆಯದಂತಾದರೆ? ನಲವತ್ತು ವರ್ಷದ ಹಿಂದೆ ಚಿನ್ನದ ಪದಕಕ್ಕೆಂದು ಇಟ್ಟ 10,000 ರೂಪಾಯಿಯ ಬಡ್ಡಿಯಲ್ಲಿ ಇಂದು ಚಿನ್ನದ ಲೇಪ ಬರುವುದೂ ಕಷ್ಟ. ದಾನಿ ಬದುಕಿದ್ದರೆ ಖರ್ಚಿಗೆ ಮೊದಲೇ ಅವರನ್ನು ಕೇಳಿ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಅವರು ಇಲ್ಲದಿದ್ದರೆ ಸಾರ್ವಜನಿಕ ಟ್ರಸ್ಟಿನ ಮಟ್ಟಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನ ದಾರಿಯಿದೆ. ಮೂಲ ಉದ್ದೇಶಕ್ಕೆ ಆದಷ್ಟು ಹತ್ತಿರವಾದ ಬೇರೆ ಬಳಕೆಗೆ ನ್ಯಾಯಾಲಯ ಅನುಮತಿ ಕೊಡಬಹುದು. ಟ್ರಸ್ಟಿಗಳ ಸಭೆ ತನ್ನಷ್ಟಕ್ಕೇ ಬದಲಾಯಿಸಿಕೊಂಡಿದ್ದರೆ, ಬದಲಾವಣೆ ಎಷ್ಟೇ ಸದುದ್ದೇಶದ್ದಾಗಿರಲಿ, ಆಡಿಟರ್ ಅದನ್ನು ವರದಿಯಲ್ಲಿ ಬರೆಯಬೇಕು.