ಕಂಡದ್ದನ್ನು ಕಂಡಷ್ಟೇ ಬರೆಯಿರಿ

"ಮೇಡಂ, ಬೇರೆ ಕೆಲಸ ನೋಡ್ತಾ ಇದೀನಿ. ಲಿಂಕ್ಡ್‌ಇನ್‌ನಲ್ಲಿ ನನ್ನ ಬಗ್ಗೆ ನಾಲ್ಕು ಸಾಲು ಬರೆದುಕೊಡ್ತೀರಾ?" ಹಿಂದೆ ಜೊತೆಗೆ ದುಡಿದವರು ಹೀಗೆ ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಬರೆಯಲು ಕುಳಿತಾಗ ಮಾತ್ರ ಎಲ್ಲರಿಗೂ ಅದೇ ಮಾತುಗಳು ಒದಗುತ್ತವೆ: ಶ್ರಮಜೀವಿ, ಒಳ್ಳೆಯ ಟೀಮ್ ಪ್ಲೇಯರ್, ಯಾವ ಸಂಸ್ಥೆಗೂ ಆಸ್ತಿ. ಇವು ಸುಳ್ಳಲ್ಲದಿರಬಹುದು. ಆದರೆ ಹೆಸರು ಬದಲಿಸಿ ಇನ್ನೊಬ್ಬರ ಪುಟಕ್ಕೆ ಹಾಕಿದರೂ ಒಪ್ಪುವ ಮಾತಿನಿಂದ, ಓದುವವರಿಗೆ ಈ ವ್ಯಕ್ತಿಯ ಬಗ್ಗೆ ಏನೂ ತಿಳಿಯುವುದಿಲ್ಲ.

ರೆಕಮಂಡೇಶನ್ ಎನ್ನುವ ಈ ಬರಹ, ಕೌಶಲದ ಪಟ್ಟಿಯ ಮೇಲೆ ಒಂದು ಒತ್ತು ಒತ್ತಿ ಕೊಡುವ ಎಂಡಾರ್ಸ್‌ಮೆಂಟ್‌ನಂಥದ್ದಲ್ಲ. ನಿಮ್ಮ ನೇರ ಸಂಪರ್ಕದಲ್ಲಿರುವವರಿಗಷ್ಟೇ ಇದನ್ನು ಬರೆಯಬಹುದು. ಅವರಿಗೂ ನಿಮಗೂ ಕೆಲಸದಲ್ಲಿ ಏನು ಸಂಬಂಧವಿತ್ತು, ಆಗ ಅವರು ಯಾವ ಹುದ್ದೆಯಲ್ಲಿದ್ದರು ಎಂದು ತಾಣವೇ ಮೊದಲು ಕೇಳುತ್ತದೆ. ಆ ಸಂಬಂಧವೂ ಬರೆದ ದಿನಾಂಕವೂ ನಿಮ್ಮ ಹೆಸರಿನ ಜೊತೆ ಕಾಣುತ್ತವೆ. ಬರಹ ಅವರ ಪುಟದಲ್ಲಿ ಮಾತ್ರವಲ್ಲ, ನೀವು ಕೊಟ್ಟದ್ದರ ಪಟ್ಟಿಯಲ್ಲೂ ಸೇರುತ್ತದೆ. ಹಾಗಾಗಿ ಐದು ಜನಕ್ಕೆ ಒಂದೇ ಧಾಟಿಯಲ್ಲಿ ಬರೆದಿದ್ದರೆ ಅಲ್ಲಿ ಎದ್ದು ಕಾಣುತ್ತದೆ. ಇಬ್ಬರು ಒಂದೇ ವಾರದಲ್ಲಿ ಪರಸ್ಪರ ಹೊಗಳಿಕೊಂಡಿದ್ದರೆ ದಿನಾಂಕಗಳೇ ಅದನ್ನು ಹೇಳುತ್ತವೆ. ನನ್ನ ಪ್ರಕಾರ ಕೊಡು-ಕೊಳ್ಳುವ ಈ ಪದ್ಧತಿಯಿಂದ ಇಬ್ಬರ ಮಾತೂ ಹಗುರಾಗುತ್ತದೆ. ಇಬ್ಬರಿಗೂ ಹೇಳಲು ನಿಜವಾಗಿ ಏನಾದರೂ ಇದ್ದರೆ, ಕೆಲವು ತಿಂಗಳು ಬಿಟ್ಟು ಬರೆಯಲಿ.

ನಂಬಿಕೆ ಹುಟ್ಟುವುದು ನೀವು ನಿಂತು ನೋಡಿದ ಜಾಗದಿಂದ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ನೀವು ಮುಖ್ಯಸ್ಥರು, ಕೇಳಿದವರು ನಿಮ್ಮ ಕೈಕೆಳಗೆ ಜಿಎಸ್‌ಟಿ ನೋಡಿಕೊಳ್ಳುತ್ತಿದ್ದವರು. ಮಾಲು ಕೊಟ್ಟವರು ತಮ್ಮ ಬಿಲ್ಲನ್ನು ಪೋರ್ಟಲ್‌ಗೆ ಏರಿಸದಿದ್ದರೆ, ಕೊಂಡವರಿಗೆ ಆ ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ. ಯಾವ ಬಿಲ್ಲುಗಳು ಬಂದಿವೆ ಎಂದು ತೋರಿಸುವ ಜಿಎಸ್‌ಟಿಆರ್-2ಬಿ ಸಾಮಾನ್ಯವಾಗಿ ತಿಂಗಳ 14ಕ್ಕೆ ಸಿದ್ಧವಾಗುತ್ತದೆ. ತಿಂಗಳಿಗೊಮ್ಮೆ ಸಲ್ಲಿಸುವವರಿಗೆ 3ಬಿ ರಿಟರ್ನಿನ ಗಡುವು 20. ನಡುವಿನ ಕೆಲವೇ ದಿನಗಳಲ್ಲಿ ತಾಳೆ ನೋಡಬೇಕು. ಈಗ ಈ ಸಾಲುಗಳನ್ನು ಓದಿ:

"ಎರಡು ವರ್ಷ ಇವರು ನನ್ನ ವಿಭಾಗದಲ್ಲಿ ಜಿಎಸ್‌ಟಿ ತಾಳೆ ನೋಡುವ ಕೆಲಸ ಮಾಡಿದರು. ಇವರು ಬರುವ ಮೊದಲು, ಕಾಣೆಯಾದ ಬಿಲ್ಲುಗಳ ಹಿಂದೆ ನಾವು ಬೀಳುತ್ತಿದ್ದುದು ವರ್ಷದ ಕೊನೆಗೆ. ಇವರು 2ಬಿ ಬಂದ ದಿನವೇ ಖರೀದಿ ಪುಸ್ತಕದ ಜೊತೆ ಹೋಲಿಸಿ, ಬಿಲ್ ಏರಿಸದ ಸರಬರಾಜುದಾರರಿಗೆ ತಾವೇ ಫೋನ್ ಮಾಡುತ್ತಿದ್ದರು. ಯಾರೊಡನೆ ಏನು ಮಾತಾಯಿತು ಎಂದು ಬರೆದಿಟ್ಟ ಹಾಳೆಯನ್ನು, ಅವರು ಬಿಟ್ಟುಹೋದ ಮೇಲೂ ವಿಭಾಗ ಬಳಸುತ್ತಿದೆ."

ಇಲ್ಲಿ 'ಶ್ರಮಜೀವಿ' ಎಂಬ ಮಾತಿಲ್ಲ, ಆದರೂ ಶ್ರಮ ಕಾಣುತ್ತದೆ. ಮೊದಲು ಹೇಗಿತ್ತು, ಇವರು ಏನು ಮಾಡಿದರು, ಆಮೇಲೆ ಏನು ಉಳಿಯಿತು ಎಂಬುದಿದೆ. ಸಂದರ್ಶನದಲ್ಲಿ "ಆ ಹಾಳೆಯಲ್ಲಿ ಏನೇನು ಬರೆಯುತ್ತಿದ್ದಿರಿ?" ಎಂದು ಯಾರಾದರೂ ಕೇಳಿದರೆ, ಆ ಕೆಲಸ ಮಾಡಿದವರು ಉತ್ತರಿಸಬಲ್ಲರು. ಒಂದು ಸಾಲು ಗಟ್ಟಿಯೋ ಅಲ್ಲವೋ ಎಂದು ತಿಳಿಯಲು ಇದೇ ಪರೀಕ್ಷೆ ಸಾಕು. ಪುಟದಲ್ಲಿ ಮೊದಲ ಕೆಲವು ಸಾಲುಗಳಷ್ಟೇ ತೆರೆದಿದ್ದು ಉಳಿದದ್ದು ಮಡಚಿಕೊಂಡಿರುತ್ತದೆ. ಆದ್ದರಿಂದ ಪರಿಚಯದ ಪೀಠಿಕೆ ಬೇಡ, ಕೆಲಸದಿಂದಲೇ ಶುರುವಾಗಲಿ.

ಇಂಥ ವಿವರ ಸಿಗಬೇಕಾದರೆ ಕೇಳಬೇಕಾಗುತ್ತದೆ. ಎಷ್ಟೋ ಜನ "ನೀವೇ ಬರೆದು ಕಳಿಸಿ, ನಾನು ಹಾಕ್ತೀನಿ" ಎನ್ನುತ್ತಾರೆ. ಅದರಲ್ಲಿ ಧ್ವನಿ ಅವರದೇ ಆಗಿಬಿಡುತ್ತದೆ. ಅದರ ಬದಲು "ಯಾವ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೀರಿ? ನಾವು ಒಟ್ಟಿಗೆ ಮಾಡಿದ್ದರಲ್ಲಿ ಯಾವುದು ಅಲ್ಲಿ ಉಪಯೋಗಕ್ಕೆ ಬರುತ್ತೆ?" ಎಂದು ಫೋನಿನಲ್ಲಿ ಕೇಳಿ. ಇಂಗ್ಲಿಷಿನಲ್ಲಿ ಬರೆಯಬೇಕಿದ್ದರೂ ನೆನಪಾದದ್ದನ್ನು ಮೊದಲು ಕನ್ನಡದಲ್ಲೇ ಗೀಚಿಕೊಳ್ಳಿ. ಸಿದ್ಧ ವಾಕ್ಯಗಳು ನುಸುಳುವುದು ಕಡಿಮೆಯಾಗುತ್ತದೆ.

ಹಳೆಯ ಕಂಪನಿಯ ಗುಟ್ಟು ಮಾತ್ರ ಹೊರಬೀಳಬಾರದು. ಸರಬರಾಜುದಾರರ ಹೆಸರು, ಉಳಿಸಿದ ತೆರಿಗೆಯ ಮೊತ್ತ, ಗ್ರಾಹಕರ ವಿವರ ಬಹಿರಂಗ ಪುಟದಲ್ಲಿ ಬೇಡ. ನೀವಿನ್ನೂ ಅದೇ ಕಂಪನಿಯಲ್ಲಿದ್ದರೆ, ಇಂಥ ಶಿಫಾರಸು ಬರೆಯಲು ಅನುಮತಿ ಇದೆಯೇ ಎಂದು ಎಚ್‌ಆರ್ ನಿಯಮ ನೋಡಿಕೊಳ್ಳಿ. ಕೆಲವು ಕಡೆ ಮೇಲಧಿಕಾರಿಗಳಿಗೆ ನಿರ್ಬಂಧವಿರುತ್ತದೆ.

ನೀವು ಕಳಿಸಿದ ಬರಹ ತಾನಾಗಿ ಪ್ರಕಟವಾಗುವುದಿಲ್ಲ. ಅವರು ಓದಿ ಒಪ್ಪಬಹುದು, ತಿದ್ದುಪಡಿಯನ್ನೂ ಕೇಳಬಹುದು. ಹುದ್ದೆಯ ಹೆಸರು ತಪ್ಪಿದ್ದರೆ ಕೂಡಲೇ ಸರಿಪಡಿಸಿ. ಆದರೆ "ಆಡಿಟ್‌ನಲ್ಲೂ ಪಳಗಿದ್ದೇನೆ ಅಂತ ಸೇರಿಸ್ತೀರಾ?" ಎಂದು ಕೇಳಿದರೆ, ಅವರ ಆಡಿಟ್ ಕೆಲಸವನ್ನು ನೀವು ನೋಡಿಲ್ಲವಾದರೆ ಹಾಗೆಂದೇ ಹೇಳಿ, ಅದನ್ನು ಕಣ್ಣಾರೆ ಕಂಡ ಸಹೋದ್ಯೋಗಿಯನ್ನು ಕೇಳಲು ತಿಳಿಸಿ.